ಮಾತು ನೇರವೋ, ಉಪಚಾರವೋ? ಭಾಷ್ಯಕಾರರಂತೆ ಓದುವುದು ಹೀಗೆ

ಉಪನಿಷತ್ತು ಓದುವ ಗುಂಪುಗಳಲ್ಲಿ ಒಂದು ತಪ್ಪನ್ನು ಮತ್ತೆ ಮತ್ತೆ ನೋಡಿದ್ದೇನೆ. ಅರ್ಥವಾಗದ ವಾಕ್ಯ ಬಂದ ಕೂಡಲೇ ಯಾರಾದರೂ "ಇದು ಸಾಂಕೇತಿಕ" ಎಂದುಬಿಡುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ. ಹಳೆಯ ಭಾಷ್ಯಕಾರರು ಹೀಗೆ ಮಾಡುತ್ತಿರಲಿಲ್ಲ. ಉಪನಿಷತ್ತುಗಳ ಅರ್ಥವನ್ನು ಸೂತ್ರಗಳಲ್ಲಿ ನಿರ್ಣಯಿಸುವ ಗ್ರಂಥ ಬ್ರಹ್ಮಸೂತ್ರ. ಅದಕ್ಕೆ ಶಂಕರರು ಬರೆದ ಭಾಷ್ಯದ ಒಂದೇ ಉದಾಹರಣೆ ಹಿಡಿದು ಅವರ ದಾರಿಯನ್ನು ನೋಡೋಣ.

ಮೊದಲ ಹೆಜ್ಜೆ: ಪದದ ನೇರ ಅರ್ಥವನ್ನೇ ಹಿಡಿಯಿರಿ. ಅದನ್ನು ಮುಖ್ಯಾರ್ಥ ಎನ್ನುತ್ತಾರೆ. ನೇರ ಅರ್ಥ ಬಿಟ್ಟು ಬೇರೆ ಅರ್ಥದಲ್ಲಿ ಆಡಿದ ಮಾತು ಉಪಚಾರ.

ಎರಡನೆಯದು: ಆ ಅರ್ಥಕ್ಕೆ ನಿಜವಾಗಿಯೂ ಅಡ್ಡಿ ಇದೆಯಾ ನೋಡಿ. "ಗಂಗೆಯಲ್ಲಿ ಗೊಲ್ಲರ ಹಟ್ಟಿ" ಎಂದರೆ ಹರಿಯುವ ನೀರಿನ ಮೇಲೆ ಹಟ್ಟಿ ನಿಲ್ಲದು. ಹಾಗಾಗಿ ಗಂಗೆ ಎಂದರೆ ಗಂಗೆಯ ದಡ. ನದಿಗೂ ದಡಕ್ಕೂ ನಂಟಿದೆ. ಜೊತೆಗೆ ಹಟ್ಟಿ ತಂಪಾಗಿದೆ, ಪವಿತ್ರವಾಗಿದೆ ಎಂಬ ಭಾವವೂ ಬರುತ್ತದೆ. ಅಡ್ಡಿ, ನಂಟು ಎರಡೂ ಬೇಕು, ಜೊತೆಗೆ ಉದ್ದೇಶವೋ ರೂಢಿಯೋ ಇರಬೇಕು. ನಮಗೆ ವಿಚಿತ್ರ ಅನ್ನಿಸಿತು ಎಂಬುದು ಅಡ್ಡಿಯಲ್ಲ.

ಜನ ಎಡವುವುದು ಮೂರನೆಯ ಹೆಜ್ಜೆಯಲ್ಲಿ. ಅದು ಅಕ್ಕಪಕ್ಕದ ವಾಕ್ಯಗಳನ್ನು ತೂಗುವ ಕೆಲಸ.

ಛಾಂದೋಗ್ಯ ಉಪನಿಷತ್ತಿನ 6ನೇ ಅಧ್ಯಾಯದಲ್ಲಿ ಉದ್ದಾಲಕ ತನ್ನ ಮಗ ಶ್ವೇತಕೇತುವಿಗೆ ಹೇಳುತ್ತಾನೆ: ಮೊದಲು "ಸತ್", ಅಂದರೆ ಇರುವ ಮೂಲವಸ್ತು, ಒಂದೇ ಇತ್ತು. ಅದು "ನಾನು ಬಹಳವಾಗಲಿ" ಎಂದು ನೋಡಿತು, ಅಂದರೆ ಸಂಕಲ್ಪಿಸಿತು. ನೋಡಿತು ಅಂದಮೇಲೆ ಅದಕ್ಕೆ ಅರಿವಿರಬೇಕು. ಆದರೆ ಜಗತ್ತಿನ ಮೂಲ ಅರಿವಿಲ್ಲದ ಪ್ರಧಾನ, ಅಂದರೆ ಜಡ ಪ್ರಕೃತಿ, ಎನ್ನುವುದು ಸಾಂಖ್ಯ ದರ್ಶನದವರ ಮತ. ಅವರ ವಾದ ಗಟ್ಟಿಯಾಗಿಯೇ ಇದೆ. ಅದೇ ಜಾಗದಲ್ಲಿ "ಬೆಂಕಿ ನೋಡಿತು, ನೀರು ನೋಡಿತು" ಎಂದೂ ಇದೆಯಲ್ಲ? ಬೆಂಕಿ, ನೀರು ನೋಡುವುದಿಲ್ಲ. ಅಲ್ಲಿ ಅದು ಉಪಚಾರದ ಮಾತು. ಕುಸಿಯಲಿರುವ ನದಿಯ ದಡವನ್ನು ಕಂಡು "ದಡ ಬೀಳಲು ಬಯಸುತ್ತಿದೆ" ಎನ್ನುವ ಹಾಗೆ. ನಾವೂ "ಗೋಡೆ ಬೀಳ್ತೀನಿ ಅಂತಿದೆ" ಅನ್ನುತ್ತೇವೆ, ಅಲ್ವಾ? ಹಾಗಾದರೆ ಸತ್ತಿನ ನೋಟವೂ ಹಾಗೇ ಇರಲಿ ಎನ್ನುತ್ತಾರೆ ಅವರು.

ಇಲ್ಲಿ ಆತುರಪಡಬೇಡಿ. ಪಕ್ಕದ ಮಾತು ಉಪಚಾರವಾದರೆ ಇದೂ ಉಪಚಾರವಾಗಲೇಬೇಕು ಅಂತೇನಿಲ್ಲ. ಈ ಪದವನ್ನು ಮುಖ್ಯಾರ್ಥಕ್ಕೇ ಕಟ್ಟಿಹಾಕುವ ಬೇರೆ ಗುರುತು ಅದೇ ಪ್ರಕರಣದಲ್ಲಿದೆಯಾ ಎಂದು ಹುಡುಕಬೇಕು. ಸತ್ತಿಗೆ ಅಂಥ ಗುರುತು ಸಿಗುತ್ತದೆ: "ಆತ್ಮ" ಎಂಬ ಪದ. ಮುಂದೆ ಅದೇ ಸತ್ತನ್ನು ಕುರಿತು "ಅದು ಆತ್ಮ, ಅದು ನೀನೇ ಆಗಿರುವೆ" ಎಂದು ಶ್ವೇತಕೇತುವಿಗೆ ಹೇಳಲಾಗಿದೆ. ಅರಿವುಳ್ಳ ಹುಡುಗನಿಗೆ ಜಡವಸ್ತು ಆತ್ಮವಾಗದು. ಬೆಂಕಿ, ನೀರುಗಳ ಪರವಾಗಿ ಇಂಥ ಗುರುತೇ ಇಲ್ಲ. ಅದಕ್ಕೇ ಅವುಗಳ ನೋಟ ಉಪಚಾರ, ಸತ್ತಿನ ನೋಟ ನಿಜ. ಬ್ರಹ್ಮಸೂತ್ರ 1.1.6ರ ತಿರುಳು ಇದು.

ಎದುರಾಳಿ ಸುಮ್ನೆ ಬಿಡುವುದಿಲ್ಲ. ಎಲ್ಲ ಕೆಲಸ ಮಾಡುವ ಸೇವಕನನ್ನು ರಾಜ "ಭದ್ರಸೇನ ನನ್ನ ಆತ್ಮ" ಅನ್ನುತ್ತಾನೆ, ಆ "ಆತ್ಮ"ವೂ ಉಪಚಾರವೇ ಎನ್ನುತ್ತಾನೆ. ಆಗ ಭಾಷ್ಯಕಾರರು ಪದ ಬಿಟ್ಟು ಫಲ ನೋಡುತ್ತಾರೆ. ಆ ಸತ್ತಿನಲ್ಲಿ ನೆಲೆನಿಂತವನಿಗೆ ಮೋಕ್ಷ ಎಂದಿದೆ. ಜಡವನ್ನು ಆತ್ಮ ಎಂದು ನಂಬಿಸಿದರೆ, ಕುರುಡನ ಕೈಗೆ ಎತ್ತಿನ ಬಾಲ ಕೊಟ್ಟು ಇದು ಊರಿಗೆ ಮುಟ್ಟಿಸುತ್ತದೆ ಎಂದಂತೆ. ಅವನು ಬಾಲ ಬಿಡುವುದಿಲ್ಲ, ಊರೂ ಸೇರುವುದಿಲ್ಲ.

ಕೊನೆಯ ಪರೀಕ್ಷೆ ನನಗೆ ತುಂಬ ಇಷ್ಟ. ಅರುಂಧತಿ ನಕ್ಷತ್ರ ತೋರಿಸುವವರು ಮೊದಲು ಪಕ್ಕದ ದೊಡ್ಡ ನಕ್ಷತ್ರವನ್ನೇ ಅರುಂಧತಿ ಎನ್ನುತ್ತಾರೆ. ಆಮೇಲೆ "ಅದಲ್ಲ, ಇದು" ಎಂದು ತಿದ್ದುತ್ತಾರೆ. ಸತ್ ಎಂಬುದು ಅಂಥ ತಾತ್ಕಾಲಿಕ ಮೆಟ್ಟಿಲಾಗಿದ್ದರೆ ಉದ್ದಾಲಕ ಮುಂದೆ ಎಲ್ಲಾದರೂ "ಅದಲ್ಲ" ಎನ್ನಬೇಕಿತ್ತು. 6ನೇ ಅಧ್ಯಾಯ ಮುಗಿಯುವವರೆಗೂ ಹಾಗೆ ಹೇಳುವುದಿಲ್ಲ.

ಅದಕ್ಕೇ ಹೇಳುತ್ತೇನೆ, ಇಡೀ ಅಧ್ಯಾಯವನ್ನು ಒಂದೇ ಸಲಕ್ಕೆ ಕೂತು ಓದಿ. ವಾಕ್ಯದ ಕೆಳಗೆ ಒಂದು ಸಾಲಿನ "ಭಾವಾರ್ಥ" ಮಾತ್ರ ಕೊಡುವ ಪುಸ್ತಕ ಕೊಳ್ಳಬೇಡಿ. ಎದುರಾಳಿಯ ವಾದ ಅದರಲ್ಲಿ ಇರುವುದೇ ಇಲ್ಲ. ಆಗ ಯಾವ ಅರ್ಥ ಯಾಕೆ ಗೆದ್ದಿತು ಎಂದು ತಿಳಿಯುವುದಿಲ್ಲ.

ಒಂದು ಎಚ್ಚರಿಕೆ. ಸೂತ್ರ ಒಂದೇ ಆದರೂ ಯಾವ ಪ್ರಶ್ನೆಗೆ ಉತ್ತರ ಎಂಬುದು ಬದಲಾಗಬಹುದು. ಉಡುಪಿ ಬಳಿಯ ಪಾಜಕದ ಮಧ್ವಾಚಾರ್ಯರಿಗೆ, ಈ ನೋಟದ ಚರ್ಚೆ ಶುರುವಾಗುವ ಸೂತ್ರ 1.1.5ರಲ್ಲಿ ಸಾಂಖ್ಯರ ಪ್ರಧಾನದ ಮಾತೇ ಇಲ್ಲ. "ಬ್ರಹ್ಮವನ್ನು ಮಾತಿನಿಂದ ಹೇಳಲಾಗದು" ಎನ್ನುವವರಿಗೆ ಅಲ್ಲಿ ಉತ್ತರವಿದೆ ಎಂದು ಅವರು ಓದುತ್ತಾರೆ. ಶಂಕರರು "ಸತ್ ಎಂಬ ಬ್ರಹ್ಮ ನೋಡುತ್ತದೆ" ಎಂದು ತೆಗೆದುಕೊಂಡ ಜಾಗದಲ್ಲಿ ಮಧ್ವರು "ಬ್ರಹ್ಮವನ್ನು ಕಾಣಬಹುದು, ಆದ್ದರಿಂದ ಮಾತಿನಿಂದಲೂ ಹೇಳಬಹುದು" ಎಂದು ತೆಗೆದುಕೊಂಡರು.