ಒಂದೇ ಸೈಟು, ಹನ್ನೆರಡು ಕೋಣೆ: ಮಲ್ಟಿ-ಹೆಡ್ ಅಟೆನ್ಶನ್ ಕೈಯಾರೆ ಮಾಡಿ ನೋಡಿ

ಒಂದು ನೋಟ್‌ಬುಕ್, ಪೆನ್ನು, ಪೈಟಾರ್ಚ್ ಇರುವ ಲ್ಯಾಪ್‌ಟಾಪ್, ಇಷ್ಟಿದ್ದರೆ ಸಾಕು. ಮೊದಲು ನೋಟ್‌ಬುಕ್‌ನಲ್ಲಿ ಈ ಐದು ಪದ ಬರೆದುಕೊಳ್ಳಿ: ರವಿ ತಂದ ಹೂ ಅಜ್ಜಿ ಮುಡಿದಳು.

ಭಾನುವಾರಗಳಲ್ಲಿ ಜಯನಗರದ ನಮ್ಮ ಮನೆಗೆ ಓದಲು ಬರುವ ಹುಡುಗರಿಗೂ ನಾನು ಇದೇ ವಾಕ್ಯ ಕೊಡುತ್ತೇನೆ. ಕೊನೆಯ ಪದ 'ಮುಡಿದಳು' ಇದೆಯಲ್ಲ, ಅದಕ್ಕೆ ಎರಡು ವಿಷಯ ಬೇಕು. ಯಾರು ಮುಡಿದದ್ದು? ಏನನ್ನು ಮುಡಿದದ್ದು? 'ಳು' ಇರುವುದರಿಂದ ರವಿ ಅಲ್ಲ, ಅಜ್ಜಿ. 'ಹೂವನ್ನು' ಅಂತ ನಾವು ಹೇಳಿಲ್ಲ, ಬರೀ 'ಹೂ' ಅಂದಿದ್ದೇವೆ. ಹಾಗಾಗಿ ಪ್ರತ್ಯಯ ನೋಡಿ ಕರ್ಮ ಯಾವುದು ಎಂದು ಹೇಳಲು ಆಗುವುದಿಲ್ಲ.

ಭಾಷಾ ಮಾಡೆಲ್‌ನೊಳಗೆ ಅಟೆನ್ಶನ್ ಮಾಡುವುದು ಇಷ್ಟೇ. ಪ್ರತಿ ಪದವೂ ತನ್ನನ್ನೂ ಸೇರಿಸಿ ವಾಕ್ಯದ ಎಲ್ಲ ಪದಗಳಿಗೆ ಒಂದೊಂದು ತೂಕ ಕೊಡುತ್ತದೆ. ತೂಕಗಳ ಮೊತ್ತ 1. ಆಮೇಲೆ ಆ ಪದಗಳ ಮಾಹಿತಿ ಹೊತ್ತ ಅಂಕಿಗಳ ಸಾಲುಗಳನ್ನು, ಅಂದರೆ ವ್ಯಾಲ್ಯೂ ವೆಕ್ಟರ್‌ಗಳನ್ನು, ತೂಕಕ್ಕೆ ತಕ್ಕಂತೆ ಕೂಡಿ ಒಂದು ಹೊಸ ವೆಕ್ಟರ್ ಮಾಡಿಕೊಳ್ಳುತ್ತದೆ.

ಹೀಗೆ ಒಂದು ಸಲ ತೂಕ ಹಂಚಿ ಕೂಡುವ ಘಟಕವೇ ಹೆಡ್. ಈಗ ಒಂದೇ ಹೆಡ್ ಇದೆ ಅಂದುಕೊಳ್ಳಿ. 'ಮುಡಿದಳು' ತನ್ನ ತೂಕವನ್ನು ಅಜ್ಜಿಗೆ ಅರ್ಧ, ಹೂವಿಗೆ ಅರ್ಧ ಹಂಚುತ್ತದೆ. ಲೆಕ್ಕಕ್ಕೆ ಸುಲಭವಾಗಲಿ ಎಂದು ನಾಲ್ಕೇ ಅಂಕಿಯ ವೆಕ್ಟರ್ ಇಟ್ಟುಕೊಳ್ಳೋಣ. ಅಜ್ಜಿ (2, 0, 4, 0), ಹೂ (0, 6, 2, 2). ಅರ್ಧರ್ಧ ಕೂಡಿದರೆ (1, 3, 3, 1). ಈಗ ಪಾತ್ರಗಳನ್ನು ಅದಲುಬದಲು ಮಾಡಿ: ಹೂ 'ಯಾರು' ಎಂಬ ಜಾಗಕ್ಕೆ, ಅಜ್ಜಿ 'ಏನು' ಎಂಬ ಜಾಗಕ್ಕೆ. ಮತ್ತೆ ಕೂಡಿದರೂ ಅದೇ (1, 3, 3, 1). ಹಾಲು ನೀರು ಬೆರೆತ ಹಾಗೆ. ಯಾರು ಯಾವ ಪಾತ್ರದಲ್ಲಿದ್ದರು ಅನ್ನುವುದು ಆ ಮೊತ್ತದಿಂದ ತಿಳಿಯುವುದಿಲ್ಲ.

ಮುಂದಿನ ಹೆಜ್ಜೆಗೆ ನಾಲ್ಕು ಅಂಕಿಯನ್ನು ಎರಡೆರಡಾಗಿ ಸೀಳಿ. ಮೊದಲ ಹೆಡ್ 'ಯಾರು' ಎಂದು ನೋಡಲಿ, ಪೂರ್ತಿ ತೂಕವನ್ನು ಅಜ್ಜಿಗೆ ಕೊಡಲಿ. ಅದಕ್ಕೆ ಸಿಗುವುದು (2, 0). ಎರಡನೆಯದು 'ಏನು' ಎಂದು ನೋಡಲಿ, ಹೂವಿನ ಕೊನೆಯ ಎರಡು ಅಂಕಿ (2, 2) ತರಲಿ. ಪಕ್ಕಪಕ್ಕ ಇಟ್ಟರೆ (2, 0, 2, 2). ಪಾತ್ರ ಬದಲಿಸಿದರೆ (0, 6, 4, 0). ಈ ಸಲ ವ್ಯತ್ಯಾಸ ಉಳಿಯಿತು. ನಾಲ್ಕು ಅಂಕಿಗಿಂತ ಒಂದೂ ಜಾಸ್ತಿ ಬಳಸಿಲ್ಲ, ಅಲ್ವಾ?

ಸೀಳುವುದೇಕೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಮೂವತ್ತು-ನಲವತ್ತರ ಸೈಟಿನಲ್ಲಿ ಎಷ್ಟು ಕೋಣೆ ಹಾಕಿದರೂ ಜಾಗ 1200 ಚದರಡಿಯೇ. ಬರ್ಟ್ ಬೇಸ್ ಎಂಬ ಭಾಷಾ ಮಾಡೆಲ್‌ನಲ್ಲಿ ಆ ಜಾಗ, ಅಂದರೆ ಒಂದು ಪದದ ವೆಕ್ಟರ್, 768 ಅಂಕಿ. ಅದರಲ್ಲಿ 12 ಹೆಡ್, ತಲಾ 64. ಪದ ಏನು ಹುಡುಕುತ್ತಿದೆ ಎನ್ನುವುದು ಕ್ವೆರಿ, ಅದಕ್ಕೆ ಹೊಂದಿಸಿ ನೋಡುವ ಗುರುತು ಕೀ; ಇವೆರಡರ ಹೊಂದಾಣಿಕೆಯಿಂದಲೇ ತೂಕ ಬರುವುದು. ಕ್ವೆರಿ, ಕೀ, ವ್ಯಾಲ್ಯೂಗೆ ಇರುವ ಒಂದೊಂದು ಮ್ಯಾಟ್ರಿಕ್ಸ್ 768 × 768. ಹೆಡ್ ಒಂದಿರಲಿ, ಹನ್ನೆರಡಿರಲಿ, ಆ ಅಳತೆ ಬದಲಾಗುವುದಿಲ್ಲ. ಹೆಚ್ಚಿಗೆ ಸಿಗುವುದು ತೂಕದ ಪಟ್ಟಿಗಳು: ನಮ್ಮ ವಾಕ್ಯಕ್ಕೆ ಒಂದರ ಬದಲು ಹನ್ನೆರಡು ಐದೈದರ ಪಟ್ಟಿ.

ಇಲ್ಲಿ ತುಂಬಾ ಜನ ಒಂದು ತಪ್ಪು ತಿಳಿಯುತ್ತಾರೆ. ಪದದ ಮೊದಲ 64 ಅಂಕಿ ಒಂದನೇ ಹೆಡ್‌ಗೆ, ಮುಂದಿನ 64 ಎರಡನೆಯದಕ್ಕೆ ಎಂದು ಭಾವಿಸುತ್ತಾರೆ. ಹಾಗಲ್ಲ. ಪ್ರತಿ ಹೆಡ್‌ಗೂ ಪದದ 768 ಅಂಕಿಗಳೂ ಕಾಣುತ್ತವೆ. ಅವುಗಳಿಂದ ತನಗೆ ಬೇಕಾದ 64 ಅಂಕಿಗಳನ್ನು ಅದು ಲೆಕ್ಕ ಹಾಕಿ ತೆಗೆಯುತ್ತದೆ. ನಾವು ಸೀಳುವುದು ಮ್ಯಾಟ್ರಿಕ್ಸ್‌ನಿಂದ ಹೊರಬಂದ ಫಲಿತಾಂಶವನ್ನು. ಕೊನೆಗೆ ಇನ್ನೊಂದು 768 × 768 ಮ್ಯಾಟ್ರಿಕ್ಸ್ ಹನ್ನೆರಡು ತುಂಡುಗಳನ್ನೂ ಬೆರೆಸುತ್ತದೆ.

ಹಾಗಂತ ಕೋಣೆ ಹಾಕುತ್ತಾ ಹೋದರೆ ಮಂಚ ಹಿಡಿಸುವುದಿಲ್ಲ. 2017ರ ಮೂಲ ಟ್ರಾನ್ಸ್‌ಫಾರ್ಮರ್ ಪ್ರಬಂಧದಲ್ಲೇ ಇದರ ಲೆಕ್ಕ ಇದೆ. ಅಲ್ಲಿ ಜಾಗ 512. ಇಂಗ್ಲಿಷ್‌ನಿಂದ ಜರ್ಮನ್‌ಗೆ ಅನುವಾದಿಸುವ ಪರೀಕ್ಷೆಯಲ್ಲಿ ಒಂದು ಹೆಡ್‌ಗೆ 24.9 ಅಂಕ, 8 ಹೆಡ್‌ಗೆ 25.8. 32 ಹೆಡ್ ಮಾಡಿದಾಗ ಮತ್ತೆ 25.4ಕ್ಕೆ ಇಳಿಯಿತು. ಆಗ ಒಂದೊಂದು ಹೆಡ್‌ಗೆ ಉಳಿದದ್ದು 16 ಅಂಕಿ ಮಾತ್ರ. ಅಷ್ಟರಲ್ಲಿ ಯಾವ ಪದ ಯಾವುದಕ್ಕೆ ಹೊಂದುತ್ತದೆ ಎಂದು ಸೂಕ್ಷ್ಮವಾಗಿ ಅಳೆಯುವುದು ಕಷ್ಟ.

ಈಗ ಕೋಡ್. `q` ಅಂದರೆ ಕ್ವೆರಿ, `B` ಒಟ್ಟಿಗೆ ಕೊಡುವ ವಾಕ್ಯಗಳ ಸಂಖ್ಯೆ, `T` ವಾಕ್ಯದ ಪದಗಳ ಸಂಖ್ಯೆ. ಕೀ, ವ್ಯಾಲ್ಯೂಗೂ ಹೀಗೇ. ಸೀಳುವ ಸಾಲು ಇದು:

```python
q = q.view(B, T, 12, 64).transpose(1, 2)
```

`transpose` ಯಾಕೆ, ನೇರವಾಗಿ `q.view(B, 12, T, 64)` ಬರೆದರೆ ಆಗಲ್ವಾ? ನಾನೂ ಹಾಗೇ ಬರೆದಿದ್ದೆ. ವಾಪಸ್ ಜೋಡಿಸುವಾಗಲೂ ಬರೀ `view`. ಎರರ್ ಬರಲಿಲ್ಲ. ಆಕಾರ ಸರಿ ಇತ್ತು. ತೂಕಗಳ ಮೊತ್ತವೂ 1 ಇತ್ತು. ಲಾಸ್ ಸ್ವಲ್ಪ ಇಳಿದು ನಿಂತುಬಿಟ್ಟಿತು. ಕಾರಣ ಹುಡುಕಲು ಎರಡು ದಿನ ಹಿಡಿಯಿತು.

ಒಳಗೆ ಏನಾಗುತ್ತದೆ ನೋಡಿ. ಒಂದು ಪದಕ್ಕೆ 12 ತುಂಡು, ಐದು ಪದಕ್ಕೆ 60 ತುಂಡು ಸಾಲಾಗಿ ನಿಂತಿವೆ. ಬರೀ `view` ಅವುಗಳನ್ನು ಐದೈದಾಗಿ ಎಣಿಸಿ ಹೆಡ್‌ಗಳಿಗೆ ಕೊಡುತ್ತದೆ. ಮೊದಲ ಹೆಡ್‌ಗೆ ಸಿಗುವ ಐದೂ ತುಂಡು 'ರವಿ' ಪದದವೇ. ಐದು ಪದ ನೋಡುತ್ತಿದ್ದೇನೆ ಎಂದು ಅದು ಒಂದೇ ಪದದ ಚೂರುಗಳನ್ನು ಹೋಲಿಸುತ್ತಿರುತ್ತದೆ. 'ಮುಡಿದಳು' ಪದದ ತುಂಡುಗಳು ಬೀಳುವುದು ಕೊನೆಯ ಮೂರು ಹೆಡ್‌ಗಳಲ್ಲಿ. ಅಲ್ಲಿ ಅದರ ಜೊತೆ ಇರುವುದು 'ಅಜ್ಜಿ' ಪದದ ಮೂರು ತುಂಡು ಮಾತ್ರ. 'ಹೂ' ಅದಕ್ಕೆ ಕಾಣುವುದೇ ಇಲ್ಲ.

ಪತ್ತೆ ಮಾಡುವ ದಾರಿ ಸುಲಭ. ಟ್ರೈನ್ ಮಾಡದ ಒಂದೇ ಲೇಯರ್ ತೆಗೆದುಕೊಳ್ಳಿ, ಮಾಸ್ಕ್ ಬೇಡ, ಡ್ರಾಪ್‌ಔಟ್ ಆಫ್ ಮಾಡಿ. ಒಂದು ಪದಕ್ಕೆ ಒಂದು ವೆಕ್ಟರ್ ಕೊಡಿ. ಮೂರನೇ ಪದ 'ಹೂ' ಬದಲು 'ಮಾಲೆ' ಹಾಕಿ. ಐದನೇ ಪದದ ಔಟ್‌ಪುಟ್ ಬದಲಾಗಬೇಕು. ಸ್ವಲ್ಪವೂ ಬದಲಾಗದಿದ್ದರೆ ಸೀಳಿದ್ದು ತಪ್ಪಾಗಿದೆ. ಜೊತೆಗೆ ಇನ್ನೊಂದು ನೋಡಿಕೊಳ್ಳಿ: ತೂಕ ಮಾಡುವ ಮೊದಲು ಕ್ವೆರಿ-ಕೀ ಗುಣಿಸಿ ಬಂದ ಅಂಕಗಳನ್ನು ಭಾಗಿಸುವುದು 64ರ ವರ್ಗಮೂಲ 8ರಿಂದ, 768ರ ವರ್ಗಮೂಲದಿಂದಲ್ಲ.

ಹೆಡ್‌ಗಳು ಏನು ಕಲಿಯುತ್ತವೆ? ಯಾವುದಕ್ಕೆ ಯಾವ ಕೆಲಸ ಎಂದು ನಾವು ಹೇಳಿಕೊಡುವುದಿಲ್ಲ. ಶುರುವಿನ ಅಂಕಿಗಳು ಬೇರೆಬೇರೆ ಇರುವುದರಿಂದ ಅವು ಬೇರೆಬೇರೆ ದಾರಿ ಹಿಡಿಯುತ್ತವೆ. ಇಂಗ್ಲಿಷ್ ಬರ್ಟ್‌ನ 12 ಲೇಯರ್‌ಗಳಲ್ಲಿರುವ ಒಟ್ಟು 144 ಹೆಡ್‌ಗಳನ್ನು 2019ರಲ್ಲಿ ಕೆವಿನ್ ಕ್ಲಾರ್ಕ್ ಮತ್ತು ಸಂಗಡಿಗರು ಒಂದೊಂದಾಗಿ ನೋಡಿದರು. ಕೆಲವು ಬರೀ ಹಿಂದಿನ ಪದ, ಕೆಲವು ಬರೀ ಮುಂದಿನ ಪದ ನೋಡುತ್ತಿದ್ದವು. 8ನೇ ಲೇಯರಿನ 10ನೇ ಹೆಡ್‌ನಲ್ಲಿ ಕರ್ಮಪದ ತನ್ನ ಕ್ರಿಯಾಪದವನ್ನು ನೂರಕ್ಕೆ ಸುಮಾರು 87 ಸಲ ಸರಿಯಾಗಿ ಹುಡುಕುತ್ತಿತ್ತು. ನಮ್ಮ 'ಹೂ' 'ಮುಡಿದಳು' ಕಡೆ ತಿರುಗಿದ ಹಾಗೆ. ವ್ಯಾಕರಣವನ್ನು ಯಾರೂ ಪಾಠ ಮಾಡಿರಲಿಲ್ಲ ಅನ್ನುವುದು ನನಗೆ ಇವತ್ತಿಗೂ ರೋಮಾಂಚನ ತರುತ್ತದೆ. ಇನ್ನೂ ಹಲವು ಹೆಡ್‌ಗಳು ವಾಕ್ಯದ ಕೊನೆಗೆ ಹಾಕುವ `[SEP]` ಗುರುತಿಗೆ ತೂಕವನ್ನೆಲ್ಲ ಸುರಿಯುತ್ತವೆ. ತಮಗೆ ಬೇಕಾದ್ದು ಆ ವಾಕ್ಯದಲ್ಲಿ ಇಲ್ಲದಾಗ ಹಾಗೆ ಸುಮ್ನೆ ಇದ್ದುಬಿಡುತ್ತವೆ ಎಂಬುದು ಅವರ ವಿವರಣೆ.

ಎಲ್ಲ ಹೆಡ್‌ಗಳೂ ಬೇಕೇ ಬೇಕು ಎಂದೇನಿಲ್ಲ. ಅದೇ ವರ್ಷ ಎಲೆನಾ ವೋಯ್ಟಾ ತಂಡ ಇಂಗ್ಲಿಷ್-ರಷ್ಯನ್ ಅನುವಾದದ ಮಾಡೆಲ್‌ನಲ್ಲಿ ಎನ್‌ಕೋಡರಿನ 48 ಹೆಡ್‌ಗಳಲ್ಲಿ 38ನ್ನು ಕಿತ್ತುಹಾಕಿತು. ಕಡಿಮೆಯಾದದ್ದು 0.15 ಅಂಕ ಮಾತ್ರ. ಆದ್ದರಿಂದ ತೂಕದ ಪಟ್ಟಿಯಲ್ಲಿ ಚೆಂದದ ಗೆರೆ ಕಂಡ ಮಾತ್ರಕ್ಕೆ ಆ ಹೆಡ್ ಮುಖ್ಯ ಎಂದು ಬರೆದುಕೊಳ್ಳಬೇಡಿ. ಅದರ ಔಟ್‌ಪುಟ್ ಸೊನ್ನೆ ಮಾಡಿ, ಲಾಸ್ ಎಷ್ಟು ಏರುತ್ತದೆ ನೋಡಿ.

ಕನ್ನಡದಲ್ಲೇ ನೋಡುವ ಆಸೆ ಇದ್ದರೆ `bert-base-multilingual-cased` ಮಾಡೆಲ್ ಅನ್ನು `attn_implementation="eager"` ಹಾಕಿ ಲೋಡ್ ಮಾಡಿ, `output_attentions=True` ಕೊಡಿ. ಅದರಲ್ಲೂ 12 ಲೇಯರ್, 12 ಹೆಡ್. ಮೊದಲು ಟೋಕನ್‌ಗಳನ್ನು ಪ್ರಿಂಟ್ ಮಾಡಿ. 'ಮುಡಿದಳು' ಥರದ ಪದ ಸಾಮಾನ್ಯವಾಗಿ ಒಂದೇ ಟೋಕನ್ ಆಗಿ ಉಳಿಯುವುದಿಲ್ಲ, ಎರಡು ಮೂರು ಚೂರಾಗುತ್ತದೆ. 'ಹಿಂದಿನ ಪದ ನೋಡುವ ಹೆಡ್' ಎಂದು ನಿಮಗೆ ಕಂಡದ್ದು ನಿಜಕ್ಕೂ ಒಂದೇ ಪದದ ಚೂರುಗಳನ್ನು ಜೋಡಿಸುತ್ತಿರಬಹುದು.