ಕ್ವಾಲಿಟಿ ಇನ್ಸ್‌ಪೆಕ್ಟರ್ ಹುದ್ದೆ: ರೆಸ್ಯೂಮೆಗಳನ್ನು ಒಂದೇ ಹಾಳೆಗೆ ಇಳಿಸಿದ ಬಗೆ

ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಬಿಡಿಭಾಗಗಳಿಗೆ ಮಶಿನಿಂಗ್ ಮಾಡುವ ಕಾರ್ಖಾನೆಯೊಂದರಲ್ಲಿ ನೇಮಕಾತಿ ನನ್ನ ಹೊಣೆ. ಕ್ವಾಲಿಟಿ ಇನ್ಸ್‌ಪೆಕ್ಟರ್ ಹುದ್ದೆಗೆ ಅರ್ಜಿ ಕರೆದಾಗ ನಾನು ಮೊದಲು ತೆರೆಯುವುದು ರೆಸ್ಯೂಮೆಗಳನ್ನಲ್ಲ, ಹುದ್ದೆಯ ವಿವರಣೆಯನ್ನು. ಅದರಲ್ಲಿ ಕಡ್ಡಾಯವಾದವು ಮೂರು: ಮೆಕ್ಯಾನಿಕಲ್ ಡಿಪ್ಲೊಮಾ ಅಥವಾ ಬಿ.ಇ., ಮಶಿನಿಂಗ್ ಆದ ಬಿಡಿಭಾಗಗಳ ತಪಾಸಣೆಯಲ್ಲಿ ಮೂರು ವರ್ಷದ ಅನುಭವ ಮತ್ತು ಬಿಡಿಭಾಗದ ಅಳತೆಗಳನ್ನು ನಿಖರವಾಗಿ ನೋಡುವ ಸಿಎಂಎಂ ಯಂತ್ರದ ಬಳಕೆ. ಪ್ರತಿಯೊಂದಕ್ಕೂ ಸ್ಪ್ರೆಡ್‌ಶೀಟ್ ಹಾಳೆಯಲ್ಲಿ ಎರಡು ಕಾಲಂ ಇಡುತ್ತೇನೆ. ಒಂದರಲ್ಲಿ ನನ್ನ ತೀರ್ಮಾನವಿದ್ದರೆ, ಇನ್ನೊಂದರಲ್ಲಿ ಆ ತೀರ್ಮಾನಕ್ಕೆ ಆಧಾರವಾದ ರೆಸ್ಯೂಮೆಯ ಸಾಲು ಇದ್ದ ಹಾಗೆಯೇ ಇರುತ್ತದೆ. ಆಧಾರದ ಸಾಲು ಸಿಗದಿದ್ದರೆ ‘ಇಲ್ಲ’ ಎಂದು ಬರೆಯದೆ ‘ಕಾಣದು’ ಎಂದು ಬರೆಯುತ್ತೇನೆ, ಏಕೆಂದರೆ ಬರೆಯದಿರುವುದು ಬೇರೆ, ಬಾರದಿರುವುದು ಬೇರೆ. ತಂದೆಯ ಹೆಸರು, ಧರ್ಮ, ವೈವಾಹಿಕ ಸ್ಥಿತಿ ರೆಸ್ಯೂಮೆಯಲ್ಲಿದ್ದರೂ ಹಾಳೆಗೆ ಬರುವುದಿಲ್ಲ.

ಹೆಚ್ಚು ಸಮಯ ಬೇಡುವುದು ಅನುಭವದ ಲೆಕ್ಕ. ಒಬ್ಬ ಅಭ್ಯರ್ಥಿ ಮೇಲ್ಭಾಗದಲ್ಲಿ ‘ಆರು ವರ್ಷದ ಅನುಭವ’ ಎಂದು ಬರೆದಿದ್ದರು. ಕೆಳಗಿನ ವಿವರ ಹೀಗಿತ್ತು: 2018ರ ಆಗಸ್ಟ್‌ನಿಂದ 2019ರ ಜುಲೈವರೆಗೆ ಅಪ್ರೆಂಟಿಸ್, ಆಮೇಲೆ 2021ರ ಮಾರ್ಚ್‌ವರೆಗೆ ಉತ್ಪಾದನಾ ವಿಭಾಗದಲ್ಲಿ ಆಪರೇಟರ್, 2021ರ ಏಪ್ರಿಲ್‌ನಿಂದ ‘ಈವರೆಗೆ’ ಕ್ವಾಲಿಟಿ ಇನ್ಸ್‌ಪೆಕ್ಟರ್. ನಾನು ಪ್ರತಿ ಕೆಲಸಕ್ಕೂ ಬೇರೆ ಸಾಲು ಹಾಕಿ ತಿಂಗಳಲ್ಲಿ ಲೆಕ್ಕ ಹಿಡಿಯುತ್ತೇನೆ. B ಕಾಲಂನಲ್ಲಿ ಆರಂಭಕ್ಕೆ ತಿಂಗಳ ಮೊದಲ ದಿನ, C ಕಾಲಂನಲ್ಲಿ ಮುಕ್ತಾಯಕ್ಕೆ ತಿಂಗಳ ಕೊನೆಯ ದಿನ.

```
=DATEDIF(B2, C2+1, "m")
```

ಈ ಸೂತ್ರ ಪೂರ್ಣಗೊಂಡ ತಿಂಗಳುಗಳನ್ನು ಮಾತ್ರ ಎಣಿಸುವುದರಿಂದ ಮುಕ್ತಾಯದ ದಿನಕ್ಕೆ ಒಂದನ್ನು ಕೂಡಿಸದಿದ್ದರೆ ಪ್ರತಿ ಕೆಲಸದಲ್ಲೂ ಒಂದು ತಿಂಗಳು ಕಡಿಮೆ ಬರುತ್ತದೆ. ‘ಈವರೆಗೆ’ ಎಂಬಲ್ಲಿ ಅರ್ಜಿ ಬಂದ ತಿಂಗಳನ್ನು, ಅಂದರೆ ಇಲ್ಲಿ 2024ರ ಜೂನ್ ಅನ್ನು, ಕೈಯಿಂದಲೇ ತುಂಬುತ್ತೇನೆ. ಅಲ್ಲಿ `TODAY()` ಹಾಕಿದರೆ ಕಡತದಲ್ಲಿ ಉಳಿದ ಹಳೆಯ ರೆಸ್ಯೂಮೆಯ ಅನುಭವವೂ ದಿನೇ ದಿನೇ ಬೆಳೆಯುತ್ತದೆ. ಹೀಗೆ ಬಂದ ಲೆಕ್ಕ 12, 20 ಮತ್ತು 39 ತಿಂಗಳು. ಒಟ್ಟು 71, ಅಂದರೆ ಅಭ್ಯರ್ಥಿ ಹೇಳಿದ ಆರು ವರ್ಷ ಹೆಚ್ಚುಕಡಿಮೆ ಸರಿ. ಆದರೆ ಹುದ್ದೆಗೆ ಸಂಬಂಧಿಸಿದ್ದು ಕೊನೆಯ 39 ತಿಂಗಳು ಮಾತ್ರ. ಅವರು ಅರ್ಹರೇ, ಆದರೆ ಆರು ವರ್ಷದವರೆಂದಲ್ಲ, ಮೂರೂ ಕಾಲು ವರ್ಷದವರೆಂದು.

ಕೆಲವರು ಬರೀ ‘2019–2022’ ಎಂದು ಬರೆಯುತ್ತಾರೆ. ಅದು ಎರಡು ವರ್ಷಕ್ಕಿಂತ ತುಸು ಹೆಚ್ಚಿರಬಹುದು, ನಾಲ್ಕು ವರ್ಷವೂ ಇರಬಹುದು. ಅಂಥಲ್ಲಿ ಕನಿಷ್ಠ, ಗರಿಷ್ಠ ಎರಡನ್ನೂ ಬರೆದಿಡುತ್ತೇನೆ. ಬೇಕಾದ ಮೂರು ವರ್ಷ ಈ ಎರಡರ ನಡುವೆ ಬಿದ್ದರೆ ಆ ಅಭ್ಯರ್ಥಿಗೆ ಫೋನ್ ಮಾಡಲೇಬೇಕು.

ಕೌಶಲದ ಕಾಲಂ ತುಂಬುವುದನ್ನು ನನಗೆ ಕಲಿಸಿದವರು ನಮ್ಮ ಕ್ವಾಲಿಟಿ ವಿಭಾಗದ ಹಿರಿಯರು. “ಮೇಡಂ, ಸಿಎಂಎಂ ಬರ್ತೈತೇನು ಅಂತ ಕೇಳಬ್ಯಾಡ್ರಿ, ಪ್ರೋಗ್ರಾಂ ತಾನೇ ಬರದಾನೋ, ಬರದಿಟ್ಟದ್ದನ್ನ ನಡಸ್ಯಾನೋ, ಅದನ್ನ ನೋಡ್ರಿ” ಎಂದರು. ಅಂದಿನಿಂದ ಆ ಕಾಲಂನಲ್ಲಿ ಮೂರು ದರ್ಜೆಗಳಿವೆ: ಕೌಶಲಗಳ ಪಟ್ಟಿಯಲ್ಲಿ ಹೆಸರು ಮಾತ್ರ ಇದ್ದರೆ ಒಂದು, ಯಾವುದಾದರೊಂದು ಕೆಲಸದ ವಿವರದಲ್ಲಿ ಯಂತ್ರ ಬಳಸಿದ್ದು ಕಂಡರೆ ಎರಡು, ಹೊಸ ಬಿಡಿಭಾಗಕ್ಕೆ ಪ್ರೋಗ್ರಾಂ ಬರೆದದ್ದು ಕಂಡರೆ ಮೂರು. ಪಟ್ಟಿಯಲ್ಲಿ ಸಿಎಂಎಂ ಇದ್ದು, ಕೆಲಸದ ವಿವರದಲ್ಲೆಲ್ಲ ವರ್ನಿಯರ್, ಮೈಕ್ರೋಮೀಟರ್, ಹೈಟ್ ಗೇಜ್ ಮಾತ್ರ ಕಾಣುವ ರೆಸ್ಯೂಮೆಗಳು ಬಹಳ.

ಪದ ಹುಡುಕಿ ಗುರುತಿಸುವ ಸೂತ್ರವನ್ನು ನಾನು ಓದಬೇಕಾದ ಜಾಗ ತೋರಿಸಲಷ್ಟೇ ಬಳಸುತ್ತೇನೆ, ತೀರ್ಮಾನಕ್ಕಲ್ಲ. `SEARCH("ITI", A2)` ಎಂದರೆ `position`, `activities` ಎಂಬ ಪದಗಳ ಒಳಗಿನ ಮೂರಕ್ಷರವನ್ನೂ ಐಟಿಐ ಎಂದೇ ಹಿಡಿಯುತ್ತದೆ. `CMM` ಎಂದು ಹುಡುಕಿದರೆ ಯಂತ್ರದ ಪೂರ್ತಿ ಹೆಸರು ಬರೆದವರು ತಪ್ಪಿಹೋಗುತ್ತಾರೆ.

ಎರಡು ಕಾಲಂನಲ್ಲಿ ವಿನ್ಯಾಸ ಮಾಡಿದ ಪಿಡಿಎಫ್‌ನಿಂದ ಪಠ್ಯ ನಕಲಿಸಿದಾಗ ಎಡದ ಸಾಲು ಬಲದ ಸಾಲಿನೊಳಗೆ ಸೇರಿ, ಒಂದು ಕಂಪನಿಯ ದಿನಾಂಕ ಇನ್ನೊಂದು ಕಂಪನಿಗೆ ಅಂಟಿಕೊಳ್ಳುವುದುಂಟು. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊಗಳನ್ನು ಗೂಗಲ್ ಡ್ರೈವ್‌ನಲ್ಲಿ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರಗಳು ಸಿಗುತ್ತವೆ, ಆದರೆ ಮಸುಕಾದ ಫೋಟೊದಲ್ಲಿ 1 ಇದ್ದದ್ದು 7 ಆಗಿ ಬರಬಹುದು. ಡಿಪ್ಲೊಮಾ ಮುಗಿಯುವ ಮೊದಲೇ ಪೂರ್ಣಾವಧಿ ಕೆಲಸ ಆರಂಭವಾದಂತೆ ಕಂಡರೆ ಅದೇ ಸುಳಿವು, ಕೂಡಲೇ ಮೂಲ ಚಿತ್ರ ನೋಡುತ್ತೇನೆ. ವಿದ್ಯಾರ್ಹತೆಯಲ್ಲಿ ಬಿ.ಇ. ‘ಮುಗಿದಿದೆ’ ಮತ್ತು ‘ಓದುತ್ತಿದ್ದಾರೆ’ ಎಂಬೆರಡನ್ನು ಬೇರೆ ಇಟ್ಟರೆ ಉಳಿದದ್ದು ಸುಲಭ.

‘ಕಾಣದು’ ಎಂದಿರುವವರಿಗೂ ವರ್ಷ ಅಸ್ಪಷ್ಟವಾಗಿರುವವರಿಗೂ ಫೋನ್ ಮಾಡಿದ ಮೇಲೆಯೇ ಹಾಳೆ ಹಿರಿಯರ ಕೈಗೆ ಹೋಗುತ್ತದೆ. ಫೋನಿನಲ್ಲಿ ಸಿಕ್ಕ ಉತ್ತರವನ್ನು ಬೇರೆ ಬಣ್ಣದಲ್ಲಿ ಬರೆಯುತ್ತೇನೆ, ಏಕೆಂದರೆ ಸಂದರ್ಶನದ ದಿನ ಅನುಭವ ಪತ್ರದೊಂದಿಗೆ ಮೊದಲು ತಾಳೆ ನೋಡಬೇಕಾದದ್ದು ಅದನ್ನೇ.