ಮನೆಯ ಸ್ಟೋರೇಜಿನ ಸಿನಿಮಾ ವೈಫೈನಲ್ಲಿ ತಡವರಿಸುತ್ತಿದೆಯೇ?

ಇಂಟರ್ನೆಟ್ ಪ್ಲಾನ್ ಏರಿಸಿ ಪ್ರಯೋಜನವಿಲ್ಲ. ಈ ಫೈಲ್ ಸ್ಟೋರೇಜಿನಿಂದ ಟಿವಿಗೆ ಓಡಾಡುವುದು ಮನೆಯೊಳಗೇ. ಮೊದಲು ಬಿಟ್‌ರೇಟ್ ಲೆಕ್ಕ ಹಾಕಿ. 54 ಜಿಬಿಯ, ಎರಡು ಗಂಟೆಯ ಸಿನಿಮಾ ಎಂದರೆ 54 × 8000 ÷ 7200 = 60 ಎಂಬಿಪಿಎಸ್. ಇದು ಸರಾಸರಿ ಮಾತ್ರ. ಜೋರು ಮಳೆ, ಹೊಡೆದಾಟದ ದೃಶ್ಯದಲ್ಲಿ 100 ದಾಟಬಹುದು. ಪ್ರತಿಸಲ ಅದೇ ದೃಶ್ಯದಲ್ಲಿ ನಿಂತರೆ ಕಾರಣ ಇದೇ.

ಟಿವಿಯಲ್ಲಿ ಕಾಣುವ 433 ಎಂಬಿಪಿಎಸ್ ಲಿಂಕ್ ವೇಗವನ್ನು ನಂಬಬೇಡಿ. ಒಂದೇ ಕೋಣೆಯಲ್ಲೂ ಕೈಗೆ ಸಿಗುವುದು ಸುಮಾರು ಅರ್ಧ. ನಮ್ಮ ಶಿರಸಿ, ಕಾರವಾರ ಕಡೆಯ ದಪ್ಪ ಚಿರೆಕಲ್ಲಿನ ಗೋಡೆ ಅಡ್ಡ ಬಂದರೆ 5 ಗಿಗಾಹರ್ಟ್ಸ್ ಸಿಗ್ನಲ್ ಇನ್ನೂ ಸೊರಗುತ್ತದೆ. ಸ್ಟೋರೇಜಿನಲ್ಲಿ `iperf3 -s` ಓಡಿಸಿ, ಲ್ಯಾಪ್‌ಟಾಪನ್ನು ಟಿವಿ ಪಕ್ಕದಲ್ಲೇ ಇಟ್ಟು ಅಳೆಯಿರಿ (ಐಪಿ ನಿಮ್ಮ ಸ್ಟೋರೇಜಿನದು ಹಾಕಿ):

```
iperf3 -c 192.168.1.20 -R -t 60
```

ಸರಾಸರಿಗಿಂತ ಸೆಕೆಂಡಿನ ಸಾಲುಗಳಲ್ಲಿ ಅತಿ ಕಡಿಮೆ ಅಂಕಿ ನೋಡಿ. 60ರ ಸಿನಿಮಾಕ್ಕೆ ಅದು 120ರ ಮೇಲಿದ್ದರೆ ನಿಶ್ಚಿಂತೆ.

ಕಡಿಮೆಯಿದ್ದರೆ ಮೊದಲು ಸ್ಟೋರೇಜನ್ನು ಕೇಬಲಿನಿಂದ ರೌಟರಿಗೆ ಜೋಡಿಸಿ. ಅದೂ ವೈಫೈನಲ್ಲಿದ್ದರೆ ಒಂದೇ ಡೇಟಾ ಗಾಳಿಯಲ್ಲಿ ಎರಡು ಸಲ ಹೋಗುತ್ತದೆ, ವೇಗ ಅರ್ಧಕ್ಕಿಳಿಯುತ್ತದೆ. ಟಿವಿಗೂ ಕೇಬಲ್ ಎಳೆಯುವವರು ಗಮನಿಸಿ: ಎಷ್ಟೋ ಟಿವಿಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದು, ಸಿಗುವುದು 94ರಷ್ಟೇ.